ಕೈಗೆ ಬರುವ ಹಣ, ಪಾಲಿಗೆ ಬರುವ ಹಣ

ಒಬ್ಬ ಯುವಕ ಮದುವೆಗೆ ಮುಂಚೆ ಜೀವವಿಮೆ ಮಾಡಿಸಿದ. ನಾಮಿನಿ ಎಂದು ತಾಯಿಯ ಹೆಸರು ಬರೆಸಿದ. ಆಮೇಲೆ ಮದುವೆಯಾಯಿತು, ಮಗು ಹುಟ್ಟಿತು. ಪಾಲಿಸಿಯ ಮೇಲಿನ ಹೆಸರು ಮಾತ್ರ ಹಾಗೇ ಉಳಿಯಿತು. ಆತ ಅಕಾಲದಲ್ಲಿ ತೀರಿಕೊಂಡ ಮೇಲೆ ಅತ್ತೆ ಸೊಸೆ ಕೋರ್ಟಿನಲ್ಲಿ ಎದುರಾದರು. ನಾಮಿನಿ ತಾನೇ ಆದ್ದರಿಂದ ಹಣವೆಲ್ಲ ತನ್ನದು ಎಂದರು ಅತ್ತೆ. ತನಗೂ ಮಗುವಿಗೂ ಪಾಲಿದೆ ಎಂದರು ಸೊಸೆ. ಕೆಳಗಿನ ಕೋರ್ಟಿನಿಂದ ಕರ್ನಾಟಕ ಹೈಕೋರ್ಟಿನ ಧಾರವಾಡ ಪೀಠದವರೆಗೆ ಹೋದ ಈ ವ್ಯಾಜ್ಯಕ್ಕೆ 2025ರಲ್ಲಿ ತೀರ್ಪು ಬಂತು: ತಾಯಿ, ಹೆಂಡತಿ, ಮಗು ಮೂವರಿಗೂ ಸಮಪಾಲು.

ಇದರಲ್ಲಿ ಯಾರೂ ಮೋಸ ಮಾಡಿರಲಿಲ್ಲ. ಒಂದು ಫಾರಂ ಬದಲಾಗಿರಲಿಲ್ಲ, ಒಂದು ಉಯಿಲು ಬರೆದಿರಲಿಲ್ಲ, ಅಷ್ಟೇ. ಈ ಎರಡು ಕಾಗದಗಳ ಕೆಲಸ ಬೇರೆ ಬೇರೆ ಎಂಬುದು ನಮ್ಮಲ್ಲಿ ಬಹಳ ಮಂದಿಗೆ ತಿಳಿದಿಲ್ಲ. ನಾಮಿನಿಯ ಹೆಸರಿದ್ದರೆ ಹಣ ಬೇಗ ಒಬ್ಬರ ಕೈಗೆ ಬರುತ್ತದೆ. ಅದು ಕೊನೆಗೆ ಯಾರ ಪಾಲಿಗೆ ಸೇರಬೇಕು ಎಂಬುದನ್ನು ಉಯಿಲು ಹೇಳುತ್ತದೆ. ಉಯಿಲು ಇಲ್ಲದಿದ್ದರೆ ವಾರಸಾ ಕಾಯ್ದೆ ಹೇಳುತ್ತದೆ. ಕೈಗೆ ಬರುವುದೂ ಪಾಲಿಗೆ ಬರುವುದೂ ಒಂದೇ ಎಂದುಕೊಂಡಲ್ಲಿಂದಲೇ ತಕರಾರು ಶುರುವಾಗುತ್ತದೆ.

ನಾಮಿನಿ ಯಾರು, ಯಾರಲ್ಲ

ನಾಮಿನಿ ಎಂದರೆ ಹಣವನ್ನು ಪಡೆದುಕೊಳ್ಳಲು ಗೊತ್ತುಮಾಡಿದ ವ್ಯಕ್ತಿ. ಬ್ಯಾಂಕು ನಾಮಿನಿಗೆ ಹಣ ಕೊಟ್ಟರೆ ಅದರ ಹೊಣೆ ಮುಗಿಯಿತು. ಆ ಹಣ ಯಾರಿಗೆ ಸೇರಬೇಕು ಎಂದು ವಿಚಾರಿಸುವುದು ಅದರ ಕೆಲಸವಲ್ಲ. ನಾಮಿನಿಯ ಕೈಯಲ್ಲಿರುವ ಹಣದಲ್ಲಿ ತಮ್ಮ ಪಾಲನ್ನು ಕೇಳುವ ಹಕ್ಕು ವಾರಸುದಾರರಿಗೆ ಉಳಿದೇ ಇರುತ್ತದೆ. ವಿಮೆಯ ವಿಷಯದಲ್ಲಿ ಸುಪ್ರೀಂ ಕೋರ್ಟ್ ಇದನ್ನು 1983ರಲ್ಲೇ ಹೇಳಿತ್ತು. ಕಂಪನಿ ಷೇರುಗಳಿಗೂ ಇದೇ ಮಾತು ಅನ್ವಯ ಎಂದು 2023ರ ಡಿಸೆಂಬರ್‌ನಲ್ಲಿ ಖಚಿತಪಡಿಸಿತು.

ವಿಮೆಯಲ್ಲಿ ಮಾತ್ರ ಒಂದು ತಿರುವಿದೆ. 2015ರ ತಿದ್ದುಪಡಿಯ ಪ್ರಕಾರ ತಂದೆ ತಾಯಿ, ಗಂಡ ಹೆಂಡತಿ, ಮಕ್ಕಳು ನಾಮಿನಿಗಳಾಗಿದ್ದರೆ ಆ ಹಣದ ಪ್ರಯೋಜನ ಅವರಿಗೇ ಸೇರುತ್ತದೆ. ಹಾಗಿದ್ದರೂ ಬೇರೆ ವಾರಸುದಾರರು ಹಕ್ಕು ಕೇಳಿದಾಗ ಈ ನಿಯಮ ವಾರಸಾ ಕಾಯ್ದೆಯನ್ನು ಮೀರುವುದಿಲ್ಲ ಎಂಬುದು ಧಾರವಾಡ ಪೀಠದ ತೀರ್ಪಿನ ಸಾರ. ಈ ಬಗ್ಗೆ ಎಲ್ಲ ಹೈಕೋರ್ಟುಗಳ ಅಭಿಪ್ರಾಯ ಒಂದೇ ಆಗಿಲ್ಲ. ಆದ್ದರಿಂದ ಪಾಲಿಸಿಯಲ್ಲಿ ಹೆಂಡತಿಯ ಹೆಸರಿದೆ ಎಂದು ನಿಶ್ಚಿಂತೆಯಿಂದ ಇರುವುದಕ್ಕಿಂತ ಪಾಲಿಸಿಯ ಹಣವನ್ನೂ ಉಯಿಲಿನಲ್ಲಿ ಹೆಸರಿಸುವುದು ಲೇಸು.

ಹಾಗಾದರೆ ನಾಮಿನಿ ಇದ್ದು ಪ್ರಯೋಜನವೇನು? ವೇಗ. ಮೃತರ ಖಾತೆಗಳ ಬಗ್ಗೆ ರಿಸರ್ವ್ ಬ್ಯಾಂಕ್ 2025ರ ಸೆಪ್ಟೆಂಬರ್‌ನಲ್ಲಿ ಹೊರಡಿಸಿದ ನಿರ್ದೇಶನದಂತೆ, ಬೇಕಾದ ಕಾಗದಗಳನ್ನೆಲ್ಲ ಕೊಟ್ಟ 15 ದಿನಗಳೊಳಗೆ ಬ್ಯಾಂಕು ಹಣ ಕೊಡಬೇಕು. ನಾಮಿನಿ ಇದ್ದಲ್ಲಿ ಕೇಳುವುದು ಮರಣ ಪ್ರಮಾಣಪತ್ರ, ನಾಮಿನಿಯ ಗುರುತಿನ ಚೀಟಿ, ಒಂದು ಅರ್ಜಿ. ಕೋರ್ಟಿನ ಪತ್ರ ತನ್ನಿ ಎನ್ನುವಂತಿಲ್ಲ. ನಾಮಿನಿ ಇಲ್ಲದಿದ್ದರೂ ವಾಣಿಜ್ಯ ಬ್ಯಾಂಕುಗಳಲ್ಲಿ 15 ಲಕ್ಷ ರೂಪಾಯಿವರೆಗೆ ಸರಳ ದಾರಿಯಿದೆ. ಸಹಕಾರಿ ಬ್ಯಾಂಕುಗಳಲ್ಲಿ ಆ ಮಿತಿ 5 ಲಕ್ಷ. ಅದರಾಚೆಗೆ ಉತ್ತರಾಧಿಕಾರ ಪ್ರಮಾಣಪತ್ರದಂಥ ಕಾಗದಗಳ ಮಾತು ಬರುತ್ತದೆ. ಅದಕ್ಕೆ ಸಿವಿಲ್ ಕೋರ್ಟಿನಲ್ಲಿ ಅರ್ಜಿ ಹಾಕಬೇಕು, ಸಂಬಂಧಪಟ್ಟವರಿಗೆಲ್ಲ ನೋಟಿಸು ಹೋಗಬೇಕು, ಪತ್ರಿಕೆಯಲ್ಲಿ ಪ್ರಕಟಣೆ ಬರಬೇಕು, ಕೋರ್ಟ್ ಶುಲ್ಕ ಕಟ್ಟಬೇಕು. ಯಾರೂ ಆಕ್ಷೇಪಿಸದಿದ್ದರೂ ತಿಂಗಳುಗಟ್ಟಲೆ ಕಾಯಬೇಕಾಗುತ್ತದೆ.

ದಾವಣಗೆರೆಯ ಒಂದು ಮನೆ

ಲೆಕ್ಕ ಸ್ಪಷ್ಟವಾಗಲು ಒಂದು ಕುಟುಂಬವನ್ನು ಕಲ್ಪಿಸಿಕೊಳ್ಳೋಣ. ಯಜಮಾನನಿಗೆ 44 ವರ್ಷ, ಖಾಸಗಿ ಕಂಪನಿಯಲ್ಲಿ ನೌಕರಿ. ಮನೆಯಲ್ಲಿ ಹೆಂಡತಿ, 11 ವರ್ಷದ ಮಗಳು, ತಂದೆ, ತಾಯಿ. ಊರಿನಲ್ಲೇ ಇನ್ನೊಂದು ಮನೆ ಮಾಡಿಕೊಂಡಿರುವ ತಮ್ಮ. ಎಫ್‌ಡಿಯಲ್ಲಿ 9 ಲಕ್ಷ ಇದೆ, ಖಾತೆ ತೆರೆದಾಗ ಬರೆಸಿದ ನಾಮಿನಿ ತಾಯಿ. ಮ್ಯೂಚುವಲ್ ಫಂಡುಗಳಲ್ಲಿ 24 ಲಕ್ಷ, ನಾಮಿನಿಯ ಜಾಗ ಖಾಲಿ. ಡಿಮ್ಯಾಟ್ ಖಾತೆಯಲ್ಲಿ 6 ಲಕ್ಷದ ಷೇರು, ಅದಕ್ಕೆ ನಾಮಿನಿ ತಮ್ಮ. ಮೊದಲ ಕೆಲಸಕ್ಕೆ ಸೇರಿದಾಗ ಬರೆದುಕೊಟ್ಟ ಪಿಎಫ್ ಫಾರಂನಲ್ಲೂ ತಮ್ಮನದೇ ಹೆಸರು. ಉಯಿಲು ಬರೆದಿಲ್ಲ. ಮನಸ್ಸಿನಲ್ಲಿ ಇದ್ದದ್ದು ಇಷ್ಟು: ಎಫ್‌ಡಿ ಹಣ ಅಪ್ಪ ಅಮ್ಮನ ಖರ್ಚಿಗೆ, ಉಳಿದದ್ದೆಲ್ಲ ಹೆಂಡತಿ ಮಗಳಿಗೆ.

ಆತ ಹಠಾತ್ತನೆ ತೀರಿಕೊಂಡರೆ ಏನಾಗುತ್ತದೆ? ಎಫ್‌ಡಿಯ 9 ಲಕ್ಷ ಕೆಲವೇ ವಾರಗಳಲ್ಲಿ ತಾಯಿಯ ಕೈಗೆ ಬರುತ್ತದೆ. ಷೇರುಗಳು ತಮ್ಮನ ಡಿಮ್ಯಾಟ್ ಖಾತೆಗೆ ಹೋಗುತ್ತವೆ. ದಿನದ ಖರ್ಚು, ಮಗಳ ಶಾಲೆಯ ಫೀಸು ನೋಡಿಕೊಳ್ಳಬೇಕಾದ ಹೆಂಡತಿಯ ಕೈಗೆ ಏನೂ ಬರುವುದಿಲ್ಲ. ಎಲ್ಲಕ್ಕಿಂತ ದೊಡ್ಡ ಮೊತ್ತವಾದ 24 ಲಕ್ಷಕ್ಕೆ ನಾಮಿನಿಯೇ ಇಲ್ಲ. ಆದ್ದರಿಂದ ಆಕೆ ವಾರಸುದಾರಿಕೆಯ ಪುರಾವೆ, ಇತರ ವಾರಸುದಾರರ ಒಪ್ಪಿಗೆ, ನಷ್ಟಭರ್ತಿ ಮುಚ್ಚಳಿಕೆ ಇಲ್ಲವೇ ಕೋರ್ಟಿನ ಪ್ರಮಾಣಪತ್ರ ಹೊಂದಿಸಲು ಓಡಾಡಬೇಕು. ಹೀಗೆ ಓಡಾಡುವಾಗ ಇನ್ನೊಂದು ತೊಡಕು ಎದುರಾಗುತ್ತದೆ. ಮಗಳೂ ಒಬ್ಬ ವಾರಸುದಾರಳು, ಅವಳಿಗೆ ಇನ್ನೂ 11 ವರ್ಷ. ದೊಡ್ಡವರು ತಮ್ಮ ಪಾಲು ಬೇಡವೆಂದು ಸಹಿ ಹಾಕಬಹುದು. ಮಗು ಹಾಕುವಂತಿಲ್ಲ. ಮಗುವಿನ ಪಾಲನ್ನು ಬಿಟ್ಟುಕೊಟ್ಟು ತಾಯಿ ಸಹಿ ಹಾಕಿದರೂ ಸಂಸ್ಥೆಗಳು ಅದನ್ನು ಸುಲಭವಾಗಿ ಒಪ್ಪುವುದಿಲ್ಲ.

ಇದು ಕೈಗೆ ಬರುವ ಕಥೆ. ಪಾಲಿನ ಲೆಕ್ಕ ಬೇರೆಯೇ ಇದೆ. ಉಯಿಲು ಬರೆಯದೆ ಸತ್ತ ಹಿಂದೂ ಪುರುಷನ ಸ್ವಯಾರ್ಜಿತ ಆಸ್ತಿ 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯಂತೆ ಹೆಂಡತಿ, ಮಕ್ಕಳು ಮತ್ತು ತಾಯಿಗೆ ಸಮನಾಗಿ ಹೋಗುತ್ತದೆ. ಪಿಎಫ್ ಬಿಟ್ಟು ಉಳಿದ 39 ಲಕ್ಷದಲ್ಲಿ ಮೂವರಿಗೂ ತಲಾ 13 ಲಕ್ಷ. ತಂದೆಗೆ ಏನೂ ಇಲ್ಲ, ಏಕೆಂದರೆ ಆ ಕಾಯ್ದೆಯಲ್ಲಿ ತಾಯಿ ಮೊದಲ ವರ್ಗದ ವಾರಸುದಾರಳು, ತಂದೆ ಎರಡನೆಯ ವರ್ಗದವನು. ತಮ್ಮನಿಗೂ ಏನೂ ಇಲ್ಲ, ಅವನು ಷೇರುಗಳನ್ನು ಈ ಮೂವರ ಪರವಾಗಿ ಇಟ್ಟುಕೊಂಡಿದ್ದಾನೆ ಅಷ್ಟೇ. ಅವನು ಕೊಡಲು ಒಪ್ಪದಿದ್ದರೆ ಅತ್ತಿಗೆ ದಾವೆ ಹೂಡಬೇಕು. ತಾಯಿಗೆ ಸಿಕ್ಕ 13 ಲಕ್ಷ ಮುಂದೆ ಅವರ ಕಾಲಾನಂತರ ಅವರ ವಾರಸುದಾರರಿಗೆ ಹೋಗುತ್ತದೆ, ಅಂದರೆ ತಮ್ಮನೂ ಪಾಲುದಾರನಾಗುತ್ತಾನೆ. ಯಜಮಾನನ ಮನಸ್ಸಿನಲ್ಲಿ ಇದ್ದದ್ದಕ್ಕೂ ಇದಕ್ಕೂ ಎತ್ತಣಿಂದೆತ್ತ ಸಂಬಂಧ.

ಪಿಎಫ್‌ನ ನಿಯಮ ಇನ್ನೂ ವಿಶೇಷ. ಅಲ್ಲಿ ಕುಟುಂಬ ಇರುವವರು ಕುಟುಂಬದವರನ್ನೇ ನಾಮಿನಿ ಮಾಡಬೇಕು. ಪುರುಷ ಸದಸ್ಯನಿಗೆ ಕುಟುಂಬ ಎಂದರೆ ಮುಖ್ಯವಾಗಿ ಹೆಂಡತಿ, ಮಕ್ಕಳು, ಅವಲಂಬಿತ ತಂದೆ ತಾಯಿ. ಅಣ್ಣ ತಮ್ಮಂದಿರು ಅದರಲ್ಲಿ ಬರುವುದಿಲ್ಲ. ಕುಟುಂಬವಿಲ್ಲದಾಗ ಬೇರೆಯವರ ಹೆಸರು ಬರೆದಿದ್ದರೂ ಮದುವೆಯಾದೊಡನೆ ಅದು ತಾನಾಗಿ ಬಿದ್ದುಹೋಗುತ್ತದೆ. ಆದ್ದರಿಂದ ನಮ್ಮ ದಾವಣಗೆರೆಯ ಗೃಹಸ್ಥನ ಪಿಎಫ್‌ಗೆ ಫಾರಂನಲ್ಲಿ ಹೆಸರಿದ್ದರೂ ಕಾನೂನಿನ ಕಣ್ಣಿಗೆ ನಾಮಿನಿ ಇಲ್ಲ. ಹಣ ಕುಟುಂಬಕ್ಕೆ ಬಂದೇ ಬರುತ್ತದೆ, ಆದರೆ ಯಾರು ಯಾರು ಕುಟುಂಬದವರು ಎಂದು ಸಾಬೀತು ಮಾಡಿದ ಮೇಲೆ.

ಹೆಸರು ಸರಿಪಡಿಸುವ ಕೆಲಸ

ಮೊದಲು ಮಾಡಬೇಕಾದದ್ದು ನಾಮಿನಿಗಳ ಪರಿಶೀಲನೆ, ಏಕೆಂದರೆ ಇದಕ್ಕೆ ವಕೀಲರೂ ಬೇಡ, ಸಾಕ್ಷಿಗಳನ್ನು ಹುಡುಕುವುದೂ ಬೇಡ. ಪ್ರತಿ ಎಫ್‌ಡಿಯನ್ನೂ ಬೇರೆಯಾಗಿ ನೋಡಬೇಕು. ಉಳಿತಾಯ ಖಾತೆಗೆ ಬರೆಸಿದ ಹೆಸರು ಎಫ್‌ಡಿಗೂ ತಾನಾಗಿ ಅಂಟಿಕೊಳ್ಳುತ್ತದೆ ಎಂದು ಭಾವಿಸಬಾರದು. ನಾಮನಿರ್ದೇಶನ ನೋಂದಣಿಯಾಗಿದೆ ಎಂಬ ಮಾತು ಪಾಸ್‌ಬುಕ್ಕಿನಲ್ಲಿ ಅಥವಾ ಎಫ್‌ಡಿ ರಸೀದಿಯ ಮೇಲೆ ಅಚ್ಚಾಗಿರುತ್ತದೆ. ಇಲ್ಲದಿದ್ದರೆ ಫಾರಂ ತುಂಬಿ, ತಲುಪಿದ್ದಕ್ಕೆ ಸ್ವೀಕೃತಿ ಪಡೆದುಕೊಳ್ಳಿ. 2025ರ ನವೆಂಬರ್ 1ರಿಂದ ಬ್ಯಾಂಕ್ ಠೇವಣಿಗೆ ನಾಲ್ವರವರೆಗೆ ಹೆಸರಿಸಬಹುದು. ಇಂಥವರಿಗೆ ಶೇಕಡಾ ಇಷ್ಟು ಎಂದು ಹಂಚಬಹುದು, ಇಲ್ಲವೇ ಮೊದಲನೆಯವರು ಇಲ್ಲದಿದ್ದರೆ ಎರಡನೆಯವರು ಎಂದು ಸಾಲು ಕಟ್ಟಬಹುದು. ಲಾಕರಿಗೆ ಈ ಎರಡನೆಯ ಬಗೆ ಮಾತ್ರ.

ಮ್ಯೂಚುವಲ್ ಫಂಡಿನಲ್ಲಿ ನಾಮಿನಿ ಇರುವುದು ಫೋಲಿಯೊಗೆ. ಐದು ಫೋಲಿಯೊ ಇದ್ದರೆ ಐದನ್ನೂ ನೋಡಬೇಕು. ಪ್ಯಾನ್ ಸಂಖ್ಯೆಯ ಮೇಲೆ ಬರುವ ಒಟ್ಟು ಖಾತಾ ವಿವರಣೆಯನ್ನು ತರಿಸಿಕೊಂಡರೆ ಎಲ್ಲವೂ ಒಂದೇ ಕಡೆ ಕಾಣುತ್ತವೆ. ಡಿಮ್ಯಾಟ್ ಖಾತೆ ಮತ್ತು ಫಂಡುಗಳಿಗೆ ಹತ್ತು ಜನರವರೆಗೆ ಹೆಸರಿಸಲು ಸೆಬಿ 2025ರಲ್ಲಿ ಅವಕಾಶ ಮಾಡಿಕೊಟ್ಟಿತು. ಪಾಲು ನಮೂದಿಸದಿದ್ದರೆ ಎಲ್ಲರಿಗೂ ಸಮ ಎಂದೇ ಲೆಕ್ಕ. ಪಿಎಫ್‌ಗೆ ಯುಎಎನ್ ಪೋರ್ಟಲಿನಲ್ಲಿ ಇ-ನಾಮಿನೇಶನ್ ಎಂಬ ವ್ಯವಸ್ಥೆಯಿದೆ. ಹೆಸರು ಸೇರಿಸಿದ ಮೇಲೆ ಆಧಾರ್ ಮೂಲಕ ಇ-ಸಹಿ ಹಾಕದಿದ್ದರೆ ಕೆಲಸ ಪೂರ್ತಿಯಾದಂತಲ್ಲ. ಹಲವರದು ಇಲ್ಲೇ ಅರ್ಧಕ್ಕೆ ನಿಂತಿರುತ್ತದೆ.

ಇನ್ನು ನಮ್ಮ ಹೆಸರುಗಳ ತಾಪತ್ರಯ. ಬ್ಯಾಂಕಿನಲ್ಲಿ ‘ಕೆ. ಸವಿತಾ’, ಆಧಾರಿನಲ್ಲಿ ‘ಸವಿತಾ ಮಂಜುನಾಥ್’, ಶಾಲೆಯ ದಾಖಲೆಯಲ್ಲಿ ‘ಸವಿತಮ್ಮ ಕೆ.’ ಎಂದಿರುವುದು ಕರ್ನಾಟಕದ ಮನೆಮನೆಯ ಸಂಗತಿ. ಇನಿಷಿಯಲ್ ಹಿಂದೆ ಮುಂದೆ ಆಗಿರುತ್ತದೆ, ಮದುವೆಯ ನಂತರ ಹೆಸರಿನ ಬಾಲ ಬದಲಾಗಿರುತ್ತದೆ. ಹಣ ಕೇಳಲು ಹೋದಾಗ ಈ ಮೂವರೂ ಒಬ್ಬರೇ ಎಂದು ಅಫಿಡವಿಟ್ ಮಾಡಿಸಬೇಕಾಗುತ್ತದೆ. ನಾಮಿನಿಯ ಹೆಸರನ್ನು ಆಧಾರ್ ಮತ್ತು ಪ್ಯಾನ್‌ನಲ್ಲಿ ಇರುವಂತೆಯೇ ಅಕ್ಷರಕ್ಕೆ ಅಕ್ಷರ ಬರೆಸಿದರೆ ಆ ಅಲೆದಾಟ ತಪ್ಪುತ್ತದೆ. ನಾಮಿನಿ ಅಪ್ರಾಪ್ತ ವಯಸ್ಕರಾಗಿದ್ದರೆ ಅವರ ಪರವಾಗಿ ಹಣ ಪಡೆಯುವ ದೊಡ್ಡವರ ಹೆಸರನ್ನೂ ಕೊಡಬೇಕು.

ಉಯಿಲಿನಲ್ಲಿ ಏನು ಬರೆಯಬೇಕು

ಉಯಿಲಿಗೆ ಛಾಪಾ ಕಾಗದ ಬೇಡ, ಬಿಳಿ ಹಾಳೆ ಸಾಕು. ಕನ್ನಡದಲ್ಲಿ ಕೈಬರಹದಲ್ಲೇ ಬರೆದರೂ ಸಿಂಧು. ಕಾನೂನು ಕೇಳುವುದು ಮುಖ್ಯವಾಗಿ ಎರಡನ್ನು: ಬರೆಸಿದವರ ಸಹಿ ಅಥವಾ ಹೆಬ್ಬೆಟ್ಟು, ಮತ್ತು ಅವರು ಸಹಿ ಹಾಕಿದ್ದನ್ನು ನೋಡಿ ತಾವೂ ಸಹಿ ಹಾಕಿದ ಇಬ್ಬರು ಸಾಕ್ಷಿಗಳು. ಉಯಿಲಿನೊಳಗೆ ಏನಿದೆ ಎಂದು ಸಾಕ್ಷಿಗಳು ಓದಬೇಕಾಗಿಲ್ಲ. ಮುಂದೆ ತಕರಾರು ಬಂದರೆ, ಬದುಕಿರುವ ಒಬ್ಬ ಸಾಕ್ಷಿಯಾದರೂ ಕೋರ್ಟಿಗೆ ಬಂದು ಹೇಳಬೇಕಾಗುತ್ತದೆ. ಆದ್ದರಿಂದ ನಿಮ್ಮ ವಯಸ್ಸಿನ ಗೆಳೆಯರಿಗಿಂತ ನಿಮಗಿಂತ ಹತ್ತು ಹದಿನೈದು ವರ್ಷ ಚಿಕ್ಕವರಾದ, ಊರು ವಿಳಾಸ ಗಟ್ಟಿಯಾಗಿರುವವರನ್ನು ಆರಿಸಿಕೊಳ್ಳಿ.

ಆಸ್ತಿ ಪಡೆಯುವವರು ಸಾಕ್ಷಿ ಹಾಕಬಾರದು. ಕ್ರೈಸ್ತರಿಗೆ ಅನ್ವಯವಾಗುವ ನಿಯಮದಲ್ಲಿ ಹಾಗೆ ಹಾಕಿದರೆ ಆ ಸಾಕ್ಷಿಗೆ ಬರೆದ ಪಾಲೇ ರದ್ದಾಗುತ್ತದೆ. ಹಿಂದೂಗಳಿಗೆ ರದ್ದಾಗದಿದ್ದರೂ ಅನುಮಾನಕ್ಕೆ ದಾರಿಯಾಗುತ್ತದೆ. ಉಯಿಲಿನ ಮೇಲಿನ ಅನುಮಾನವನ್ನು ಹೇಗೆ ತೂಗಬೇಕು ಎಂಬುದಕ್ಕೆ ದೇಶದ ಕೋರ್ಟುಗಳು ಇಂದಿಗೂ ಆಧಾರವಾಗಿಟ್ಟುಕೊಳ್ಳುವ ತೀರ್ಪು ಹುಟ್ಟಿದ್ದು ನಮ್ಮ ಮೈಸೂರು ಸೀಮೆಯ ಪ್ರಕರಣದಿಂದಲೇ. ವೆಂಕಟಾಚಲ ಅಯ್ಯಂಗಾರ್ ಮತ್ತು ತಿಮ್ಮಾಜಮ್ಮ ನಡುವಿನ ಆ ವ್ಯಾಜ್ಯದಲ್ಲಿ ಸುಪ್ರೀಂ ಕೋರ್ಟ್ 1958ರಲ್ಲಿ ಹೇಳಿದ್ದರ ಒಟ್ಟು ಅರ್ಥ ಇದು: ಉಯಿಲು ಬರೆಸುವ ಕೆಲಸದಲ್ಲಿ ಮುಂದೆ ನಿಂತವನೇ ಅದರಿಂದ ದೊಡ್ಡ ಲಾಭ ಪಡೆದರೆ, ಅನುಮಾನ ಕಳೆಯುವ ಹೊಣೆಯೂ ಅವನದೇ. ಆದ್ದರಿಂದ ಆಸ್ತಿ ಪಡೆಯುವ ಮಗನೋ ಅಳಿಯನೋ ಬರಹಗಾರರನ್ನು ಕರೆತಂದು, ಸಾಕ್ಷಿಗಳನ್ನೂ ಗೊತ್ತುಮಾಡುವುದು ಒಳ್ಳೆಯದಲ್ಲ. ವಯಸ್ಸಾದವರು ಬರೆಸುವಾಗ ಬುದ್ಧಿ ಸ್ವಾಧೀನದಲ್ಲಿದೆ ಎಂಬ ವೈದ್ಯರ ಪತ್ರ ಜೊತೆಗಿದ್ದರೆ ನೆರವಾಗುತ್ತದೆ. ಉಪನೋಂದಣಾಧಿಕಾರಿ ಕಚೇರಿಯಲ್ಲಿ ನೋಂದಣಿ ಮಾಡಿಸುವುದು ಕಡ್ಡಾಯವಲ್ಲ. ಮಾಡಿಸಿದರೆ ಕಾಗದ ಕಳೆದುಹೋದರೂ ದಾಖಲೆ ಉಳಿಯುತ್ತದೆ, ಸಹಿ ನನ್ನದಲ್ಲ ಎಂಬ ವಾದ ದುರ್ಬಲವಾಗುತ್ತದೆ. ನೋಂದಣಿಯಾದ ಉಯಿಲನ್ನೂ ಬದುಕಿರುವಷ್ಟು ದಿನ ಬದಲಿಸಬಹುದು. ಹೊಸದರಲ್ಲಿ, ಹಿಂದೆ ಬರೆದ ಎಲ್ಲ ಉಯಿಲುಗಳನ್ನೂ ರದ್ದುಪಡಿಸಿದ್ದೇನೆ ಎಂಬ ಒಂದು ಸಾಲು ಇರಬೇಕು.

ಹೂಡಿಕೆಗಳ ಬಗ್ಗೆ ಬರೆಯುವಾಗ ಬಹಳ ಜನ ಎಡವುವ ಜಾಗ ಒಂದಿದೆ. ಇಂಥ ಸಂಖ್ಯೆಯ ಎಫ್‌ಡಿ ಮಗಳಿಗೆ ಎಂದು ಬರೆದಿರುತ್ತಾರೆ. ಎರಡು ವರ್ಷದ ಮೇಲೆ ಆ ಎಫ್‌ಡಿ ಮುರಿದು ಹಣವನ್ನು ಫಂಡಿಗೆ ಹಾಕಿರುತ್ತಾರೆ. ಸಾಯುವ ದಿನ ಆ ಎಫ್‌ಡಿ ಇಲ್ಲದ ಕಾರಣ ಮಗಳಿಗೆ ಕೊಟ್ಟದ್ದೂ ಇಲ್ಲವಾಗುತ್ತದೆ. ಹೂಡಿಕೆ ರೂಪ ಬದಲಿಸುತ್ತಲೇ ಇರುತ್ತದೆ, ಆದ್ದರಿಂದ ಸಂಖ್ಯೆಗೆ ಕಟ್ಟಿಹಾಕದೆ ಬರೆಯಬೇಕು. ದಾವಣಗೆರೆಯ ಗೃಹಸ್ಥ ಹೀಗೆ ಬರೆಯಬಹುದಿತ್ತು:

“ನನ್ನ ಮರಣದ ದಿನ ನನ್ನ ಹೆಸರಿನಲ್ಲಿರುವ ಬ್ಯಾಂಕ್ ಠೇವಣಿಗಳಲ್ಲಿ, ಸಾಲದಿದ್ದರೆ ಇತರ ಹೂಡಿಕೆಗಳಲ್ಲಿ, ಒಂಬತ್ತು ಲಕ್ಷ ರೂಪಾಯಿ ನನ್ನ ತಾಯಿಗೆ, ಅವರು ಇಲ್ಲದಿದ್ದರೆ ನನ್ನ ತಂದೆಗೆ ಸೇರತಕ್ಕದ್ದು. ಉಳಿದ ಠೇವಣಿ, ಮ್ಯೂಚುವಲ್ ಫಂಡ್, ಷೇರು, ವಿಮೆ ಹಾಗೂ ಇಲ್ಲಿ ಹೆಸರಿಸದ ನನ್ನ ಎಲ್ಲ ಸ್ವಯಾರ್ಜಿತ ಆಸ್ತಿ ನನ್ನ ಪತ್ನಿಗೆ ಸೇರತಕ್ಕದ್ದು. ಪತ್ನಿ ನನಗಿಂತ ಮುಂಚೆ ತೀರಿಕೊಂಡಿದ್ದರೆ ಅದೆಲ್ಲವೂ ನನ್ನ ಮಗಳಿಗೆ ಸೇರತಕ್ಕದ್ದು. ಯಾವ ಹೂಡಿಕೆಯಲ್ಲಿ ಯಾರೇ ನಾಮಿನಿಯಾಗಿದ್ದರೂ ಅವರು ಈ ಉಯಿಲಿನಂತೆ ಹಣವನ್ನು ಒಪ್ಪಿಸತಕ್ಕದ್ದು.”

ಇದರ ಜೊತೆಗೆ ಉಯಿಲನ್ನು ಜಾರಿಗೆ ತರುವ ಒಬ್ಬ ನಂಬಿಕಸ್ಥರ ಹೆಸರು, ಅಂದರೆ ಎಕ್ಸಿಕ್ಯೂಟರ್, ಬೇಕು. ‘ಇಲ್ಲಿ ಹೆಸರಿಸದ ಎಲ್ಲ’ ಎಂಬ ಮಾತು ಚಿಕ್ಕದಾಗಿ ಕಂಡರೂ, ಮುಂದೆ ಮಾಡುವ ಹೂಡಿಕೆಗಳಿಗೆಲ್ಲ ಅದೇ ಆಸರೆ.

ಈಗ ಇದಕ್ಕೆ ಹೊಂದುವಂತೆ ನಾಮಿನಿಗಳನ್ನು ಬದಲಿಸಿದರೆ ಏನಾಗುತ್ತದೆ ನೋಡಿ. ಎಫ್‌ಡಿಗೆ ತಾಯಿ, ಅವರಿಲ್ಲದಿದ್ದರೆ ತಂದೆ. ಫಂಡು, ಡಿಮ್ಯಾಟ್, ಪಿಎಫ್‌ಗೆ ಹೆಂಡತಿ. ತಾಯಿಗೆ 9 ಲಕ್ಷ, ಹೆಂಡತಿಗೆ 30 ಲಕ್ಷ ಬರೀ ನಾಮಿನಿ ಫಾರಂಗಳಿಂದಲೇ ಕೈಗೆ ಬರುತ್ತದೆ. ಬ್ಯಾಂಕಿಗಾಗಲೀ ಫಂಡ್ ಸಂಸ್ಥೆಗಾಗಲೀ ಉಯಿಲನ್ನು ತೋರಿಸುವ ಪ್ರಸಂಗವೇ ಸಾಮಾನ್ಯವಾಗಿ ಬರುವುದಿಲ್ಲ. ಯಾರಾದರೂ ಪಾಲು ಕೇಳಿದಾಗ ಮಾತ್ರ ಅದು ಉತ್ತರವಾಗಿ ಹೊರಬರುತ್ತದೆ. ಉಯಿಲು ಒಬ್ಬರಿಗೆ, ನಾಮಿನಿ ಇನ್ನೊಬ್ಬರು ಎಂದಾದರೆ ಕೋರ್ಟಿನ ತಡೆಯಾಜ್ಞೆ ಇಲ್ಲದ ಹೊರತು ಬ್ಯಾಂಕು ನಾಮಿನಿಗೇ ಹಣ ಕೊಡುತ್ತದೆ. ಉಯಿಲಿನಂತೆ ಪಡೆಯಬೇಕಾದವರು ಆಮೇಲೆ ಆ ನಾಮಿನಿಯ ಹಿಂದೆ ಹೋಗಬೇಕು.

ಯಾರಿಗೆ ಇದು ಹೆಚ್ಚು ತುರ್ತು

ದುಡಿಯುವ ಹೆಣ್ಣುಮಕ್ಕಳು ಇದನ್ನು ವಿಶೇಷವಾಗಿ ಗಮನಿಸಬೇಕು. ಹಿಂದೂ ಹೆಂಗಸು ಉಯಿಲು ಬರೆಯದೆ ತೀರಿಕೊಂಡರೆ ಅವಳ ಸ್ವಂತ ಗಳಿಕೆ ಮೊದಲು ಗಂಡನಿಗೆ, ಮಕ್ಕಳಿಗೆ ಹೋಗುತ್ತದೆ. ಅವರಿಲ್ಲದಿದ್ದರೆ ಗಂಡನ ವಾರಸುದಾರರಿಗೆ. ಹೆತ್ತ ತಂದೆ ತಾಯಿಯ ಸರದಿ ಅದರ ನಂತರ. ಮಕ್ಕಳಿಲ್ಲದ ವಿಧವೆಯೊಬ್ಬಳು ತನ್ನ ಸಂಬಳದಲ್ಲಿ ಕೂಡಿಟ್ಟ ಹಣಕ್ಕೆ ಅವಳನ್ನು ಓದಿಸಿದ ಅಪ್ಪ ಅಮ್ಮ ಹಕ್ಕುದಾರರಾಗದೆ, ಗಂಡನ ಕಡೆಯವರು ಹಕ್ಕುದಾರರಾಗುವುದು ಹೀಗೆ. ನಾಮಿನಿಯ ಜಾಗದಲ್ಲಿ ಅಮ್ಮನ ಹೆಸರು ಬರೆದ ಮಾತ್ರಕ್ಕೆ ಇದು ಬದಲಾಗುವುದಿಲ್ಲ, ಉಯಿಲೇ ಬೇಕು. ಇಂಥ ವ್ಯಾಜ್ಯಗಳು ತಪ್ಪಲೆಂದು ಹೆಣ್ಣುಮಕ್ಕಳು ಉಯಿಲು ಬರೆಯಬೇಕೆಂದು ಸುಪ್ರೀಂ ಕೋರ್ಟ್ 2025ರ ನವೆಂಬರ್‌ನಲ್ಲಿ ಮನವಿ ಮಾಡಿತು.

ಉಯಿಲಿನ ಸ್ವಾತಂತ್ರ್ಯಕ್ಕೆ ಮಿತಿಗಳೂ ಇವೆ. ಮುಸ್ಲಿಮರು ಸಾಲ ಮತ್ತು ಅಂತ್ಯಕ್ರಿಯೆಯ ಖರ್ಚು ಕಳೆದು ಉಳಿದ ಆಸ್ತಿಯ ಮೂರನೇ ಒಂದು ಭಾಗವನ್ನು ಮಾತ್ರ ಉಯಿಲಿನಲ್ಲಿ ಬರೆಯಬಹುದು. ಅದಕ್ಕಿಂತ ಹೆಚ್ಚಿಗೆ ವಾರಸುದಾರರ ಒಪ್ಪಿಗೆ ಬೇಕು. ಕ್ರೈಸ್ತರಲ್ಲಿ ಮದುವೆಗೆ ಮುಂಚೆ ಬರೆದ ಉಯಿಲು ಮದುವೆಯೊಂದಿಗೆ ರದ್ದಾಗುತ್ತದೆ. ಹಿಂದೂ ಕೂಡುಕುಟುಂಬದ ಪಿತ್ರಾರ್ಜಿತ ಆಸ್ತಿಯಲ್ಲಿ ತನ್ನ ಪಾಲಿನಷ್ಟನ್ನು ಬರೆಯಬಹುದೇ ಹೊರತು ಇಡೀ ಆಸ್ತಿಯನ್ನಲ್ಲ.

ಮದುವೆ, ಮಗುವಿನ ಜನನ, ವಿಚ್ಛೇದನ, ನಾಮಿನಿಯ ಸಾವು, ಕೆಲಸ ಅಥವಾ ಬ್ಯಾಂಕು ಬದಲಿಸಿದ್ದು, ಇವುಗಳಲ್ಲಿ ಯಾವುದಾದರೂ ಆದಾಗ ಎರಡೂ ಕಾಗದಗಳನ್ನು ಮತ್ತೆ ತೆಗೆದು ನೋಡಬೇಕು. ಜೊತೆಗೆ ಒಂದು ಪುಟದ ಪಟ್ಟಿ ಮಾಡಿ: ಯಾವ ಬ್ಯಾಂಕು, ಯಾವ ಶಾಖೆ, ಯಾವ ಫಂಡು, ಪಾಲಿಸಿ ಸಂಖ್ಯೆ, ಯುಎಎನ್, ಯಾರು ನಾಮಿನಿ, ಮೂಲ ಉಯಿಲು ಎಲ್ಲಿದೆ. ಪಾಸ್‌ವರ್ಡು, ಎಟಿಎಂ ಪಿನ್ ಅದರಲ್ಲಿ ಬೇಡ. ಖಾತೆದಾರರು ತೀರಿಕೊಂಡ ಮೇಲೆ ಅವರ ಕಾರ್ಡು ಅಥವಾ ಫೋನಿನಿಂದ ಹಣ ತೆಗೆದವರು ಮುಂದೆ ಇತರ ವಾರಸುದಾರರಿಗೆ ಲೆಕ್ಕ ಕೊಡಬೇಕಾಗುತ್ತದೆ. ಮೂಲ ಉಯಿಲನ್ನು ಬ್ಯಾಂಕ್ ಲಾಕರಿನಲ್ಲಿ ಮಾತ್ರ ಇಡುವುದೂ ಜಾಣತನವಲ್ಲ, ಏಕೆಂದರೆ ಆ ಲಾಕರು ತೆರೆಸುವುದಕ್ಕೇ ಕಾಗದ ಬೇಕಾಗುತ್ತದೆ.

ಎಲ್ಲ ಆದ ಮೇಲೆ ಒಂದು ಭಾನುವಾರ ಆ ಪಟ್ಟಿಯನ್ನು ಹೆಂಡತಿಯ ಅಥವಾ ಗಂಡನ ಕೈಗೆ ಕೊಟ್ಟು ಸುಮ್ಮನೆ ಕುಳಿತುಕೊಳ್ಳಿ. ಯಾವ ಕಚೇರಿಗೆ ಮೊದಲು ಹೋಗಬೇಕು, ಯಾವ ಕಾಗದ ಒಯ್ಯಬೇಕು ಎಂದು ಅವರೇ ಹೇಳಲಿ. ಅವರು ತಡವರಿಸಿದ ಪ್ರತಿ ಜಾಗದಲ್ಲೂ ನೀವು ಮಾಡಬೇಕಾದ ಒಂದು ಕೆಲಸ ಉಳಿದಿದೆ ಎಂದರ್ಥ. ಸೋಮವಾರ ಬ್ಯಾಂಕು ತೆರೆದಾಗ ಅಲ್ಲಿಂದಲೇ ಶುರುಮಾಡಬಹುದು.